ಮೈನಸ್ 40 ನಿಮಿಷದ ಟಿಕೆಟ್

ನ್ಯೂಯಾರ್ಕ್ ಕಚೇರಿಯ ಹೆಲ್ಪ್‌ಡೆಸ್ಕ್‌ಗೆ ರಾತ್ರಿ 1 ಗಂಟೆ 50 ನಿಮಿಷಕ್ಕೆ ಒಂದು ದೂರು ಬರುತ್ತದೆ: ಲಾಗಿನ್ ಆಗುತ್ತಿಲ್ಲ. ಪಾಳಿಯಲ್ಲಿದ್ದವರು ಸರಿಮಾಡಿ ಟಿಕೆಟ್ ಮುಚ್ಚುತ್ತಾರೆ. ಮುಚ್ಚಿದ ವೇಳೆ ಎಂದು ದಾಖಲಾಗಿರುವುದು 1 ಗಂಟೆ 10 ನಿಮಿಷ. ತಾರೀಖು ಅದೇ, ರಾತ್ರಿಯೂ ಅದೇ. ಎಕ್ಸೆಲ್‌ನಲ್ಲಿ ಒಂದರಿಂದ ಇನ್ನೊಂದನ್ನು ಕಳೆಯಲು ಹೋದರೆ ಚೌಕದ ತುಂಬ `#####` ಬಂದು ಕೂರುತ್ತದೆ. ಸೊನ್ನೆಗಿಂತ ಕಡಿಮೆ ವೇಳೆಯನ್ನು ತೋರಿಸುವುದು ಅದರ ಕೈಲಾಗದು. ದೂರು ಬರುವ 40 ನಿಮಿಷ ಮೊದಲೇ ಪರಿಹಾರ ಸಿಕ್ಕಿದೆ ಎನ್ನುತ್ತಿದೆ ಲೆಕ್ಕ.

ಯಾರೂ ತಪ್ಪು ಬರೆದಿಲ್ಲ. ಅದು 2025ರ ನವೆಂಬರ್ 2, ಭಾನುವಾರ. ಆ ರಾತ್ರಿ ಎರಡು ಗಂಟೆಯಾಗುತ್ತಿದ್ದಂತೆ ನ್ಯೂಯಾರ್ಕಿನ ಗಡಿಯಾರಗಳು ಬೇಸಿಗೆ ಸಮಯ ಮುಗಿಸಿ ಮತ್ತೆ ಒಂದು ಗಂಟೆಗೆ ಬಂದು ನಿಂತವು. ಒಂದರಿಂದ ಎರಡರವರೆಗಿನ ಗಂಟೆ ಅಲ್ಲಿ ಎರಡು ಸಲ ನಡೆಯಿತು. ದೂರು ಬಂದದ್ದು ಮೊದಲನೇ ಸಲದ 1:50ಕ್ಕೆ, ಮುಗಿದದ್ದು ಎರಡನೇ ಸಲದ 1:10ಕ್ಕೆ. ನಿಜವಾಗಿ ಹಿಡಿದದ್ದು 20 ನಿಮಿಷ.

ಹಲವು ದೇಶಗಳಲ್ಲಿ ಕಚೇರಿ ಇರುವ ಕಂಪನಿಗಳು ಯಾವ ಗಂಟೆಗೆ ಎಷ್ಟು ಕೆಲಸ ಬರುತ್ತದೆ ಎಂದು ಎಣಿಸಲು ಕೂತಾಗ ಇಂಥ ಸಾಲುಗಳು ಎದುರಾಗುತ್ತವೆ. ಎಣಿಕೆಯ ಉದ್ದೇಶ ಸಾಮಾನ್ಯವಾಗಿ ಒಂದೇ: ಯಾವ ಪಾಳಿಗೆ ಎಷ್ಟು ಜನ ಬೇಕು? ಬೆಂಗಳೂರು, ಲಂಡನ್, ನ್ಯೂಯಾರ್ಕ್ ಮೂರೂ ಕಡೆ ಕಚೇರಿ ಇರುವ ಒಂದು ಕಂಪನಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಮೂರೂ ಊರಿನ ದೂರುಗಳನ್ನು ನೋಡಿಕೊಳ್ಳುವ ತಂಡ ಬೆಂಗಳೂರಿನಲ್ಲಿದೆ. ಪ್ರತಿ ಕಚೇರಿಯಲ್ಲೂ ಬೆಳಿಗ್ಗೆ ಒಂಬತ್ತರಿಂದ ಹತ್ತರೊಳಗೆ 60 ದೂರು ಬರುತ್ತವೆ ಎಂದುಕೊಳ್ಳಿ. ಜನ ಬಂದು ಕಂಪ್ಯೂಟರ್ ಚಾಲೂ ಮಾಡುವ ಹೊತ್ತು ಅದು, ಮರೆತುಹೋದ ಪಾಸ್‌ವರ್ಡುಗಳೆಲ್ಲ ನೆನಪಾಗದೆ ಕಾಡುವ ಹೊತ್ತು.

ಮೂರೂ ಕಡತಗಳನ್ನು ಒಂದರ ಕೆಳಗೊಂದು ಅಂಟಿಸಿ, ವೇಳೆಯ ಕಾಲಮಿನಿಂದ ಗಂಟೆಯನ್ನಷ್ಟೇ ತೆಗೆದು ಎಣಿಸಿದರೆ ಒಂಬತ್ತು ಗಂಟೆಯ ಮೇಲೆ 180ರ ಗುಡ್ಡವೊಂದು ಏಳುತ್ತದೆ. ಅದನ್ನು ನೋಡಿದ ಮ್ಯಾನೇಜರ್ ಬೆಳಗಿನ ಪಾಳಿಗೆ ಜನ ಸೇರಿಸುತ್ತಾರೆ. ಆದರೆ ನವೆಂಬರ್ 3ರ ಸೋಮವಾರ ಬೆಂಗಳೂರಿನ ತಂಡದ ಪಾಲಿಗೆ ಲಂಡನ್ನಿನ ಒಂಬತ್ತು ಗಂಟೆ ಎಂದರೆ ಮಧ್ಯಾಹ್ನ ಎರಡೂವರೆ, ನ್ಯೂಯಾರ್ಕಿನ ಒಂಬತ್ತು ಗಂಟೆ ಎಂದರೆ ರಾತ್ರಿ ಏಳೂವರೆ. ಗುಡ್ಡ ಎಲ್ಲೂ ಇಲ್ಲ, ಇರುವುದು ಮೂರು ದಿಬ್ಬ. ಬೆಳಿಗ್ಗೆ ಸೇರಿಸಿದ ಜನ ಆಕಳಿಸುತ್ತಿರುತ್ತಾರೆ, ರಾತ್ರಿ ಏಳೂವರೆಗೆ ಫೋನು ಎತ್ತಲು ಯಾರೂ ಇರುವುದಿಲ್ಲ.

ಆ ಗುಡ್ಡ ಪೂರ್ತಿ ಸುಳ್ಳು ಎನ್ನುವಂತೆಯೂ ಇಲ್ಲ. ನೌಕರರು ತಮ್ಮ ದಿನದ ಯಾವ ಹೊತ್ತಿನಲ್ಲಿ ಹೆಚ್ಚು ದೂರುತ್ತಾರೆ ಎಂಬುದು ಪ್ರಶ್ನೆಯಾಗಿದ್ದರೆ ಅವರವರ ಊರಿನ ಗಡಿಯಾರವೇ ಸರಿ, ಗುಡ್ಡವೇ ಉತ್ತರ. ಹೊರೆ ಹೊರುವವರು ಯಾರು ಎಂದು ಕೇಳಿದಾಗ ಮಾತ್ರ ಹೊರುವವರ ಗಡಿಯಾರಕ್ಕೆ ಎಲ್ಲವನ್ನೂ ತರಬೇಕು. ಈ ಎರಡು ಪ್ರಶ್ನೆಗಳನ್ನು ಒಂದೇ ಚಿತ್ರದಲ್ಲಿ ಬೆರೆಸಿದ ವರದಿಗಳೇ ಕಚೇರಿಗಳಲ್ಲಿ ಹೆಚ್ಚು.

ಹೊಂದಿಸುವುದು ಕೂಡಿಸಿ ಕಳೆಯುವ ಕೆಲಸ ಎಂದು ತೋರುತ್ತದೆ. ನ್ಯೂಯಾರ್ಕ್ ನಮಗಿಂತ ಹತ್ತೂವರೆ ಗಂಟೆ ಹಿಂದೆ, ಅಷ್ಟನ್ನು ಕೂಡಿಸಿದರಾಯಿತು. ಚಳಿಗಾಲದಲ್ಲಿ ಇದು ಸರಿ. 2025ರಲ್ಲಿ ಮಾರ್ಚ್ 9ರಿಂದ ನವೆಂಬರ್ 2ರವರೆಗೆ, ಅಂದರೆ ಬರೋಬ್ಬರಿ 34 ವಾರ, ಆ ಅಂತರ ಒಂಬತ್ತೂವರೆ ಗಂಟೆಯಷ್ಟೇ ಇತ್ತು. ಅಮೆರಿಕದ ಪಾಳಿಯಲ್ಲಿ ದುಡಿಯುವ ಬೆಂಗಳೂರಿನವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ನವೆಂಬರ್ ಬಂತೆಂದರೆ ಅವರ ಕ್ಯಾಬ್ ಒಂದು ಗಂಟೆ ತಡವಾಗಿ ಬರುತ್ತದೆ, ಮಾರ್ಚಿನಲ್ಲಿ ಮತ್ತೆ ಒಂದು ಗಂಟೆ ಮುಂಚೆ. ಕ್ಯಾಬಿನ ಚಾಲಕನಿಗೆ ಗೊತ್ತಿರುವ ಈ ಸಂಗತಿ ಅದೇ ಕಂಪನಿಯ ವರದಿಗೆ ಗೊತ್ತಿರುವುದಿಲ್ಲ.

ಲಂಡನ್ ಇನ್ನೊಂದು ತೊಡಕು ತರುತ್ತದೆ. ಅಲ್ಲಿಯೂ ಬೇಸಿಗೆ ಸಮಯವಿದೆ, ಆದರೆ ತಾರೀಖು ಬೇರೆ. 2025ರಲ್ಲಿ ನ್ಯೂಯಾರ್ಕ್ ಮಾರ್ಚ್ 9ಕ್ಕೆ ಗಡಿಯಾರ ಮುಂದೆ ಮಾಡಿದರೆ ಲಂಡನ್ ಮಾಡಿದ್ದು ಮಾರ್ಚ್ 30ಕ್ಕೆ. ನಡುವಿನ ಮೂರು ವಾರ ಆ ಎರಡು ಊರುಗಳ ಅಂತರ ಐದರ ಬದಲು ನಾಲ್ಕು ಗಂಟೆ. ನ್ಯೂಯಾರ್ಕಿನ ದಿಬ್ಬ ಬೆಂಗಳೂರಿನ ಏಳೂವರೆಯಿಂದ ಆರೂವರೆಗೆ ಸರಿಯಿತು, ಲಂಡನ್ನಿನದು ಎರಡೂವರೆಯಲ್ಲೇ ಉಳಿಯಿತು. ಇಡೀ ಮಾರ್ಚ್ ತಿಂಗಳ ಸರಾಸರಿ ತೆಗೆದವರಿಗೆ ಸಂಜೆಯ ಕಡೆ ಎರಡು ಮೊಂಡು ದಿಬ್ಬಗಳು ಕಾಣುತ್ತವೆ. ವರ್ಷದ ಯಾವ ದಿನದಲ್ಲೂ ಅಂಥ ಆಕಾರದ ಸಂಜೆ ಇದ್ದಿಲ್ಲ.

ಆದ್ದರಿಂದ ಬಲ್ಲವರು ಅಂತರವನ್ನು ಬರೆದಿಡುವುದಿಲ್ಲ, ಊರನ್ನು ಬರೆದಿಡುತ್ತಾರೆ. ಯಾವ ಊರಲ್ಲಿ ಯಾವ ತಾರೀಖಿಗೆ ಗಡಿಯಾರ ಹೇಗಿತ್ತು ಎಂಬ ಕೋಷ್ಟಕವೊಂದು ಬಹುತೇಕ ಎಲ್ಲ ಕಂಪ್ಯೂಟರ್‌ಗಳಲ್ಲೂ ಇದೆ. ಅಮೆರಿಕದ ಆರ್ಥರ್ ಡೇವಿಡ್ ಓಲ್ಸನ್ 1980ರ ದಶಕದಲ್ಲಿ ಶುರು ಮಾಡಿದ ಸಂಗ್ರಹ ಅದು. ಅದರಲ್ಲಿ ನ್ಯೂಯಾರ್ಕಿನ ಹೆಸರು `America/New_York`, ಲಂಡನ್ನಿನದು `Europe/London`. ಬೆಂಗಳೂರನ್ನು ಹುಡುಕಿದರೆ ಸಿಗುವುದಿಲ್ಲ. ಇಡೀ ಭಾರತಕ್ಕೆ ಒಂದೇ ನಮೂದು, `Asia/Kolkata`. ವೈಟ್‌ಫೀಲ್ಡಿನಲ್ಲಿ ಕೂತು ದಿನವೂ ಕೋಲ್ಕತ್ತ ಎಂದು ಟೈಪ್ ಮಾಡುವವರಿಗೆ ಅದೀಗ ಕೈರೂಢಿ.

IST ಎಂಬ ಮೂರಕ್ಷರವನ್ನು ನಂಬುವುದು ಇನ್ನೂ ಅಪಾಯ. ನಮಗದು ಭಾರತದ ಸಮಯ, ಇಸ್ರೇಲಿನವರಿಗೆ ಇಸ್ರೇಲಿನದು, ಐರ್ಲೆಂಡಿನವರಿಗೆ ಅವರ ಬೇಸಿಗೆ ಸಮಯ. ಪೋಸ್ಟ್‌ಗ್ರೆಸ್ ಎಂಬ ಜನಪ್ರಿಯ ಡೇಟಾಬೇಸಿನ ಮೂಲ ಸಂಕ್ಷೇಪಪಟ್ಟಿಯಲ್ಲಿ IST ಎಂದರೆ ಇಸ್ರೇಲ್. ಭಾರತದ ಅರ್ಥ ಬೇಕಿದ್ದರೆ ಪ್ರತ್ಯೇಕವಾಗಿ ಹೊಂದಿಸಿಕೊಳ್ಳಬೇಕು. ಗಮನಿಸದಿದ್ದರೆ ಬೆಂಗಳೂರಿನ ಎಲ್ಲ ದೂರುಗಳೂ ಸದ್ದಿಲ್ಲದೆ ಮೂರೂವರೆ ಗಂಟೆ ಪಲ್ಲಟವಾಗುತ್ತವೆ.

ಪೈಥಾನ್‌ನಲ್ಲಿ ಈ ಕೆಲಸ ಮೂರು ಸಾಲು ಹಿಡಿಯುತ್ತದೆ:

```python
t = s.dt.tz_localize("America/New_York", ambiguous="infer")
t = t.dt.tz_convert("Asia/Kolkata")
n = t.dt.floor("15min").value_counts().sort_index()
```

ಮೊದಲ ಸಾಲು ಈ ವೇಳೆ ಯಾವ ಊರಿನದು ಎಂದು ಹೇಳುತ್ತದೆ. ಎರಡನೆಯದು ಬೆಂಗಳೂರಿನ ಗಡಿಯಾರಕ್ಕೆ ತರುತ್ತದೆ. ಮೊದಲ ಸಾಲಿನ `infer` ಎಂಬ ಪದದಲ್ಲಿ ಮೈನಸ್ 40 ನಿಮಿಷದ ಟಿಕೆಟ್ಟಿನ ಬಿಡುಗಡೆ ಅಡಗಿದೆ. ಎರಡು ಸಲ ಬಂದ ಗಂಟೆಯಲ್ಲಿ 1:10 ಎಂಬುದು ಮೊದಲನೆಯದೋ ಎರಡನೆಯದೋ ಎಂದು ಅಂಕಿ ನೋಡಿ ಹೇಳಲಾಗದು, ಸಾಲುಗಳ ಕ್ರಮ ನೋಡಿ ಹೇಳಬಹುದು. 1:02, 1:31, 1:58 ಆದಮೇಲೆ 1:07 ಬಂದರೆ ಗಡಿಯಾರ ಹಿಂದೆ ಹೋದದ್ದು ಅಲ್ಲಿಯೇ. ಇದಕ್ಕೆ ಸಾಲುಗಳು ನಡೆದ ಕ್ರಮದಲ್ಲೇ ಇರಬೇಕು. ಕಡತ ಕೈಗೆ ಬಂದ ಕೂಡಲೇ ವೇಳೆಯ ಕಾಲಮಿನ ಮೇಲೆ ಸಾರ್ಟ್ ಒತ್ತುವ ಅಭ್ಯಾಸ ಅನೇಕರಿಗಿದೆ. ಆ ಒಂದು ಕ್ಲಿಕ್ಕಿನಿಂದ ಎರಡು ಗಂಟೆಗಳೂ ಕಲಸಿಹೋಗುತ್ತವೆ, ಸಾಕ್ಷಿ ಅಳಿಸಿಹೋಗುತ್ತದೆ. ಟಿಕೆಟ್ ಸಂಖ್ಯೆಯ ಕಾಲಮ್ ಉಳಿದಿದ್ದರೆ ಅದರ ಪ್ರಕಾರ ಮತ್ತೆ ಜೋಡಿಸಿ ಸರಿಮಾಡಬಹುದು. ಮಾರ್ಚಿನದು ಇದರ ತಿರುಗುಮುರುಗು: ಎರಡರಿಂದ ಮೂರರವರೆಗಿನ ಗಂಟೆಯೇ ಇಲ್ಲ. ಅಲ್ಲಿ ಸೊನ್ನೆ ಕಂಡು ಸರ್ವರ್ ಬಿದ್ದಿತ್ತೇ ಎಂದು ಗಾಬರಿ ಬೀಳುವವರಿದ್ದಾರೆ.

ಮೂರನೇ ಸಾಲಿನಲ್ಲಿ ಗಂಟೆಯ ಬದಲು 15 ನಿಮಿಷ ಏಕೆ? ಭಾರತದ ಅರ್ಧ ಗಂಟೆಯ ಕಾರಣಕ್ಕೆ. ವಿಶ್ವಸಮಯಕ್ಕಿಂತ ನಾವು ಐದೂವರೆ ಗಂಟೆ ಮುಂದಿದ್ದೇವೆ. ಹಾಗಾಗಿ ನ್ಯೂಯಾರ್ಕಿನ ಒಂದು ಪೂರ್ಣ ಗಂಟೆ ಯಾವತ್ತೂ ನಮ್ಮ ಒಂದು ಪೂರ್ಣ ಗಂಟೆಯ ಮೇಲೆ ಕೂರುವುದಿಲ್ಲ, ಎರಡರ ಮೇಲೆ ಕಾಲು ಚಾಚಿ ಮಲಗುತ್ತದೆ.

ನವೆಂಬರ್ 3ರ ರಾತ್ರಿಯನ್ನೇ ಹತ್ತಿರದಿಂದ ನೋಡೋಣ. ನ್ಯೂಯಾರ್ಕಿನ ಬೆಳಗಿನ 60 ದೂರುಗಳಲ್ಲಿ 45 ಮೊದಲ ಅರ್ಧ ಗಂಟೆಯಲ್ಲೇ ಬಂದವು, 15 ನಂತರ ಬಂದವು ಎನ್ನಿ. ಬೆಂಗಳೂರಿನಲ್ಲಿ ಆಗ ಏಳೂವರೆಯಿಂದ ಎಂಟೂವರೆ. ಅದಕ್ಕೆ ಮೊದಲಿನ ಅರ್ಧ ಗಂಟೆಯಲ್ಲಿ 5, ನಂತರದ ಅರ್ಧ ಗಂಟೆಯಲ್ಲಿ 10. ಬೆಂಗಳೂರಿನ ಗಂಟೆಗಳಲ್ಲಿ ಎಣಿಸಿದರೆ ಏಳರಿಂದ ಎಂಟಕ್ಕೆ 50, ಎಂಟರಿಂದ ಒಂಬತ್ತಕ್ಕೆ 25.

ಈಗ ನ್ಯೂಯಾರ್ಕಿನವರು ಮೂಲ ಸಾಲುಗಳನ್ನು ಕೊಡದೆ ಗಂಟೆವಾರು ಮೊತ್ತವನ್ನಷ್ಟೇ ಕಳಿಸಿದರೆನ್ನಿ: ಬೆಳಗಿನ ಎಂಟು–ಒಂಬತ್ತು, ಒಂಬತ್ತು–ಹತ್ತು ಹೀಗೆ. ಒಂಬತ್ತರ ಮನೆಯಲ್ಲಿ 60 ಇದೆ. ಅದನ್ನು ನಮ್ಮ ಏಳಕ್ಕೆಷ್ಟು, ಎಂಟಕ್ಕೆಷ್ಟು ಹಂಚುವುದು? ಬೇರೆ ದಾರಿಯಿಲ್ಲದೆ ಸಮಪಾಲು, 30 ಮತ್ತು 30. ಅಕ್ಕಪಕ್ಕದ ಆ ಚಿಕ್ಕ ಅಂಕಿಗಳನ್ನು ಸರಿಯಾಗಿಯೇ ಊಹಿಸಿದರೂ ಏಳರ ಗಂಟೆಗೆ 35, ಎಂಟರ ಗಂಟೆಗೆ 40 ಆಗುತ್ತದೆ. ಒತ್ತಡದ ಗಂಟೆಯೇ ಪಕ್ಕದ ಮನೆಗೆ ಹೋಯಿತು. ಅದನ್ನು ನಂಬಿ ಊಟದ ವಿರಾಮವನ್ನು ಏಳೂವರೆಗೆ ಇಟ್ಟರೆ ಏನಾಗುತ್ತದೆ ಎಂದು ಪಾಳಿಯವರನ್ನೇ ಕೇಳಬೇಕು.

ಮೂಲ ಸಾಲುಗಳೇ ಇದ್ದಾಗಲೂ ಪೂರ್ಣ ಗಂಟೆಯ ಎಣಿಕೆ ಪೂರ್ತಿ ಹೇಳುವುದಿಲ್ಲ. ಆ ರಾತ್ರಿಯ ಅತಿ ಬಿಗಿಯಾದ ಅರವತ್ತು ನಿಮಿಷ ಏಳೂವರೆಯಿಂದ ಎಂಟೂವರೆ, ಹೊರೆ 60. ಗಂಟೆವಾರು ಪಟ್ಟಿ ತೋರಿಸುವ ಅತಿ ದೊಡ್ಡ ಅಂಕಿ 50 ಮಾತ್ರ. ಮೊದಲು 15 ನಿಮಿಷದ ತುಂಡುಗಳಾಗಿ ಎಣಿಸಿಟ್ಟರೆ ಯಾವ ಕಚೇರಿಯ ಗಂಟೆ ಬೇಕೋ ಅದಕ್ಕೆ ನಾಲ್ಕು ನಾಲ್ಕು ತುಂಡು ಕೂಡಿಸಿಕೊಳ್ಳಬಹುದು. ಅರ್ಧ ಗಂಟೆಯ ತುಂಡು ಭಾರತಕ್ಕೆ ಸಾಕು. ಕಠ್ಮಂಡುವಿನಲ್ಲಿ ಕಚೇರಿ ತೆರೆದ ದಿನ ಸಾಲದು, ನೇಪಾಳ ವಿಶ್ವಸಮಯಕ್ಕಿಂತ 5 ಗಂಟೆ 45 ನಿಮಿಷ ಮುಂದಿದೆ. ಇಂದು ಜಗತ್ತಿನ ಎಲ್ಲ ಊರುಗಳ ಅಂತರವೂ 15 ನಿಮಿಷದಿಂದ ಭಾಗವಾಗುತ್ತದೆ. 1972ಕ್ಕೆ ಮೊದಲು ಹೀಗಿರಲಿಲ್ಲ, ಲೈಬೀರಿಯ 44 ನಿಮಿಷ 30 ಸೆಕೆಂಡು ಹಿಂದೆ ಇತ್ತು.

ಇಷ್ಟೆಲ್ಲ ಮಾಡಿದ ಮೇಲೂ ಕಡತದ ತಲೆಬರಹವೇ ಸುಳ್ಳು ಹೇಳಬಹುದು. 'ಸ್ಥಳೀಯ ಸಮಯ' ಎಂದು ಬರೆದ ಕಾಲಮಿನಲ್ಲಿ ವಿಶ್ವಸಮಯ ಇರುವುದು ಸಾಮಾನ್ಯ. ಅದನ್ನು ಪತ್ತೆ ಮಾಡುವ ಸುಲಭ ಉಪಾಯ ಊಟದ ಹೊತ್ತು. ಪ್ರತಿ ಕಚೇರಿಯ ದೂರುಗಳನ್ನು ಬೇರೆ ಬೇರೆಯಾಗಿ, ಅವರದೇ ಗಡಿಯಾರದಲ್ಲಿ ಬಿಡಿಸಿ ನೋಡಬೇಕು. ಮಧ್ಯಾಹ್ನ ಒಂದರ ಸುಮಾರಿಗೆ ಜನ ಊಟಕ್ಕೆದ್ದಾಗ ಗೆರೆ ತಗ್ಗುತ್ತದೆ. ಬೆಂಗಳೂರಿನ ಕಡತದಲ್ಲಿ ಆ ತಗ್ಗು ಬೆಳಿಗ್ಗೆ ಏಳೂವರೆಗೆ ಕಂಡರೆ ವೇಳೆ ವಿಶ್ವಸಮಯದಲ್ಲಿದೆ, ಐದೂವರೆ ಗಂಟೆ ಕೂಡಿಸುವುದು ಬಾಕಿ ಇದೆ. ಸಂಜೆ ಆರೂವರೆಗೆ ಕಂಡರೆ ಮೊದಲೇ ಕೂಡಿಸಿದ್ದಕ್ಕೆ ಯಾರೋ ಇನ್ನೊಮ್ಮೆ ಕೂಡಿಸಿದ್ದಾರೆ, ಆ ಸಾಲನ್ನು ಹುಡುಕಿ ತೆಗೆಯಬೇಕು.