ಒಂಟಿ ಕಾಲಲ್ಲಿ ನಿಂತು ಕಣ್ಣು ಮುಚ್ಚಿದರೆ

ವೃಕ್ಷಾಸನದಲ್ಲಿ ನಿಂತವರ ಮುಖ ನೋಡಬೇಡಿ, ಪಾದ ನೋಡಿ. ಮೇಲೆ ಮೈ ಸ್ಥಿರವಾಗಿ ಕಂಡರೂ ಕೆಳಗೆ ಪಾದ ಒಮ್ಮೆ ಹೆಬ್ಬೆರಳ ಕಡೆಗೆ, ಒಮ್ಮೆ ಕಿರುಬೆರಳ ಕಡೆಗೆ ವಾಲುತ್ತಲೇ ಇರುತ್ತದೆ. ಇಡೀ ದೇಹದ ಭಾರವನ್ನು ಒಂದು ಅಂಗಾಲಿನ ಅಗಲದೊಳಗೆ ಉಳಿಸಿಕೊಳ್ಳುವ ಕೆಲಸ ಅದು. ಅಲುಗಾಡದೆ ನಿಲ್ಲುವುದು ಯಾರಿಂದಲೂ ಆಗದು. ವಾಲಿದ್ದನ್ನು ಬೇಗ ಗುರುತಿಸಿ ಸರಿಪಡಿಸಿಕೊಳ್ಳುವುದಷ್ಟೇ ಸಾಧ್ಯ.

ಮೊದಲ ಸುದ್ದಿ ಹೋಗುವುದು ಕಾಲಿನಿಂದಲೇ. ದೇಹ ಹೊರಕ್ಕೆ ವಾಲಿದಾಗ ಅಂಗಾಲಿನ ಆ ಅಂಚಿನಲ್ಲಿ ಒತ್ತಡ ಹೆಚ್ಚುತ್ತದೆ, ಮೀನಖಂಡದ ಸ್ನಾಯುಗಳು ಹಿಗ್ಗುತ್ತವೆ. ಚರ್ಮ, ಸ್ನಾಯು, ಕೀಲುಗಳಲ್ಲಿರುವ ನರತುದಿಗಳು ಇದನ್ನು ಬೆನ್ನುಹುರಿಗೆ ತಿಳಿಸುತ್ತವೆ. ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಸ್ನಾಯು ಬಿಗಿಯಾಗಿ ಪಾದವನ್ನು ಮರಳಿ ಎಳೆಯುತ್ತದೆ. ನಿಮಗೆ ಗೊತ್ತಾಗುವ ಮೊದಲೇ ಕೆಲಸ ಮುಗಿದಿರುತ್ತದೆ.

ಕಣ್ಣು ಇದಕ್ಕಿಂತ ನಿಧಾನ, ಆದರೆ ನಂಬಿಕಸ್ಥ. ತಲೆ ಸರಿದಾಗ ಎದುರಿನ ದೃಶ್ಯ ಅಕ್ಷಿಪಟಲದ ಮೇಲೆ ಜಾರುತ್ತದೆ. ಆ ಜಾರುವಿಕೆಯಿಂದಲೇ ಮಿದುಳು ವಾಲಾಟವನ್ನು ಅಳೆಯುತ್ತದೆ. ಹತ್ತಿರದ ವಸ್ತು ಹೆಚ್ಚು ಜಾರಿದಂತೆ ಕಾಣುತ್ತದೆ, ದೂರದ ಬೆಟ್ಟ ಜಾರುವುದೇ ಇಲ್ಲವೆನ್ನಬಹುದು. ಯೋಗ ಶಿಕ್ಷಕರು ಎದುರಿನ ಗೋಡೆಯ ಮೇಲೊಂದು ಚುಕ್ಕೆ ನೋಡಿ ಎನ್ನುವುದರಲ್ಲಿ ಅರ್ಥವಿದೆ.

ಒಳಗಿವಿಯ ಮೂರು ಅರ್ಧವೃತ್ತ ನಾಳಗಳು ತಲೆ ತಿರುಗುವುದನ್ನೂ, ಪಕ್ಕದ ಎರಡು ಪುಟ್ಟ ಚೀಲಗಳಲ್ಲಿನ ಸುಣ್ಣದ ಹರಳುಗಳು ಗುರುತ್ವದ ದಿಕ್ಕನ್ನೂ ಹೇಳುತ್ತವೆ. ಆದರೆ ಕಿವಿಗೆ ಗೊತ್ತಿರುವುದು ತಲೆ ಮಾತ್ರ. ಕತ್ತು ಬಾಗಿತೋ ಇಡೀ ದೇಹವೇ ವಾಲಿತೋ ಎಂದು ಅದೊಂದೇ ಹೇಳಲಾರದು. ಕತ್ತಿನ ಸ್ನಾಯುಗಳ ಸಾಕ್ಷಿ ಬೇಕು. ತೀರಾ ನಿಧಾನದ ವಾಲಾಟ ಅದರ ಗಮನಕ್ಕೇ ಬರುವುದಿಲ್ಲ.

ಮಿದುಳುಕಾಂಡ ಮತ್ತು ಕಿರುಮಿದುಳು ಈ ಮೂರು ವರದಿಗಳನ್ನು ಹೋಲಿಸುತ್ತವೆ. ಮೂರಕ್ಕೂ ಸದಾ ಒಂದೇ ಬೆಲೆ ಕೊಡುವುದಿಲ್ಲ. ಗಟ್ಟಿ ನೆಲದಲ್ಲಿ ಕಾಲಿನ ಮಾತಿಗೆ ಹೆಚ್ಚು ತೂಕ. ಕಣ್ಣು ಮುಚ್ಚಿದರೆ ಪಾದದ ವಾಲಾಟ ಒಮ್ಮೆಲೇ ಹೆಚ್ಚುತ್ತದೆ, ಆದರೂ ಕಾಲು ಮತ್ತು ಕಿವಿ ಸೇರಿ ಒಂದಿಷ್ಟು ಹೊತ್ತು ಸಂಭಾಳಿಸುತ್ತವೆ. ಅದೇ ಮೆತ್ತನೆಯ ದಿಂಬಿನ ಮೇಲೆ ನಿಂತು ಕಣ್ಣು ಮುಚ್ಚಿ: ಅಂಗಾಲಿನ ಸುದ್ದಿಯೂ ಗೊಂದಲಗೊಂಡು ಭಾರವೆಲ್ಲ ಕಿವಿಯ ಮೇಲೆ ಬೀಳುತ್ತದೆ. ಆರೋಗ್ಯವಂತರೂ ಬಹುತೇಕ ಕಾಲೂರಿಬಿಡುತ್ತಾರೆ.

ಒಂಟಿ ಕಾಲಲ್ಲಿ ಕಣ್ಣು ಮುಚ್ಚಿ ಬೇಗ ಕಾಲೂರಿದರೆ ಗಾಬರಿ ಬೇಡ, ವಯಸ್ಸಾದಂತೆ ಅದು ಸಹಜ. ಎರಡೂ ಕಾಲು ಜೋಡಿಸಿ ನಿಂತು, ಕಣ್ಣು ತೆರೆದಾಗ ಸರಿಯಿದ್ದು ಮುಚ್ಚಿದೊಡನೆ ಬೀಳುವಂತಾದರೆ ಮಾತು ಬೇರೆ. ವೈದ್ಯರು ಇದನ್ನು ರೋಂಬರ್ಗ್ ಪರೀಕ್ಷೆ ಎನ್ನುತ್ತಾರೆ. ಹೆಚ್ಚಾಗಿ ತಪ್ಪಿರುವುದು ಕಾಲಿನ ಸುದ್ದಿ, ಕೆಲವೊಮ್ಮೆ ಕಿವಿಯದು. ಸಕ್ಕರೆ ಕಾಯಿಲೆ ಪಾದದ ನರಗಳನ್ನು ಮಂಕಾಗಿಸುತ್ತದೆ. ಬಿ12 ಕೊರತೆ ಆ ಸುದ್ದಿ ಸಾಗುವ ಬೆನ್ನುಹುರಿಯ ದಾರಿಯನ್ನೇ ಕೆಡಿಸುತ್ತದೆ. ಇಂಥವರು ಹಗಲಲ್ಲಿ ಕಣ್ಣಿನ ಬಲದಿಂದ ಚೆನ್ನಾಗಿ ನಡೆದು, ಮುಖಕ್ಕೆ ಸೋಪು ಹಚ್ಚಿಕೊಂಡಾಗ ಅಥವಾ ಕರೆಂಟು ಹೋದಾಗ ತಡವರಿಸುತ್ತಾರೆ. ಮನೆಯ ಹಿರಿಯರಲ್ಲಿ ಇದನ್ನು ಕಂಡರೆ ರಕ್ತದ ಸಕ್ಕರೆ, ಬಿ12 ಎರಡನ್ನೂ ಪರೀಕ್ಷೆ ಮಾಡಿಸಿ. ನೀವೇ ಒಂಟಿ ಕಾಲಲ್ಲಿ ನಿಂತು ನೋಡುವುದಾದರೆ ಗೋಡೆ ಕೈಗೆಟುಕುವಂತಿರಲಿ.