ಅರ್ಜಿ ಹಾಕಿ ವಾರವಾದರೂ ಉತ್ತರವಿಲ್ಲದಿದ್ದರೆ: ವಿಚಾರಣೆಯ ಇಮೇಲ್ ಬರೆಯುವ ಬಗೆ

ಖಾಸಗಿ ಕಂಪನಿಯೊಂದಕ್ಕೆ ಕೆಲಸದ ಅರ್ಜಿ ಕಳಿಸಿ ಒಂದು ವಾರವಾದರೂ ಉತ್ತರ ಬಾರದಿದ್ದಾಗ ಅಭ್ಯರ್ಥಿ ಬರೆಯುವ ಸಣ್ಣ ಇಮೇಲ್‌ಗೆ ಕಚೇರಿಗಳಲ್ಲಿ ‘ಫಾಲೋ ಅಪ್’ ಎನ್ನುತ್ತಾರೆ. ಅದರ ಕೆಲಸ ಎರಡೇ: ಅರ್ಜಿ ತಲುಪಿದೆಯೇ ಎಂದು ಕೇಳುವುದು, ಆಯ್ಕೆ ಯಾವ ಹಂತದಲ್ಲಿದೆ ಎಂದು ತಿಳಿದುಕೊಳ್ಳುವುದು. ಕೆಲಸ ಕೊಡಿ ಎಂದು ಎರಡನೇ ಸಲ ಬೇಡಿಕೊಳ್ಳುವ ಪತ್ರ ಇದಲ್ಲ. ಓದಿದವರು ಒಂದೇ ಸಾಲಿನಲ್ಲಿ ಉತ್ತರ ಬರೆದು ಮುಗಿಸುವಂತಿದ್ದರೆ ಪತ್ರ ಸರಿಯಾಗಿದೆ ಎಂದರ್ಥ.

ಉತ್ತರ ಬಾರದ ಮಾತ್ರಕ್ಕೆ ಅರ್ಜಿ ತಿರಸ್ಕೃತವಾಗಿದೆ ಎಂದು ತಿಳಿಯಬೇಕಿಲ್ಲ. ಎಚ್.ಆರ್. ವಿಭಾಗದವರು ಸಾಮಾನ್ಯವಾಗಿ ಅರ್ಜಿಗಳನ್ನು ಒಟ್ಟುಮಾಡಿ, ಅರ್ಹತೆ ಇರುವವರ ಪಟ್ಟಿಯನ್ನು ಸಂಬಂಧಪಟ್ಟ ವಿಭಾಗದ ಮ್ಯಾನೇಜರ್‌ಗೆ ಕಳಿಸುತ್ತಾರೆ. ಆ ಮ್ಯಾನೇಜರ್ ರಜೆಯಲ್ಲಿದ್ದರೆ ಅಥವಾ ತಿಂಗಳ ಕೊನೆಯ ಲೆಕ್ಕದಲ್ಲಿ ಮುಳುಗಿದ್ದರೆ ಪಟ್ಟಿ ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಐದು ಕೆಲಸದ ದಿನ ಕಳೆಯುವ ಮೊದಲು ವಿಚಾರಿಸುವುದು ಅವಸರವಾಗುತ್ತದೆ. ಜಾಹೀರಾತಿನಲ್ಲಿ ಕೊನೆಯ ದಿನಾಂಕ ಕೊಟ್ಟಿದ್ದರೆ, ಅರ್ಜಿ ಎಂದೇ ಕಳಿಸಿರಲಿ, ವಾರದ ಲೆಕ್ಕ ಶುರುವಾಗುವುದು ಆ ದಿನಾಂಕದಿಂದ. ಆಯ್ಕೆಯಾದವರನ್ನು ಮಾತ್ರ ಸಂಪರ್ಕಿಸಲಾಗುವುದು, ವಿಚಾರಣೆ ಬೇಡ ಎಂದು ಬರೆದಿದ್ದರೆ ಆ ಮಾತನ್ನು ಗೌರವಿಸಿ ಸುಮ್ಮನಿರುವುದೇ ಸರಿ. ಕೆ.ಪಿ.ಎಸ್‌.ಸಿ.ಯಂಥ ಸರ್ಕಾರಿ ನೇಮಕಾತಿಗಳಲ್ಲಿ ಪ್ರತಿ ಹಂತವೂ ಅಧಿಸೂಚನೆ ಮತ್ತು ಜಾಲತಾಣದ ಪ್ರಕಟಣೆಯ ಮೂಲಕ ನಡೆಯುವುದರಿಂದ ಅಲ್ಲಿ ಇಂಥ ಪತ್ರಕ್ಕೆ ಜಾಗವಿಲ್ಲ.

ಬರೆಯುವ ಮೊದಲು ಅಭ್ಯರ್ಥಿ ತನ್ನ ಕಡೆಯ ತಪ್ಪುಗಳನ್ನು ಹುಡುಕಬೇಕು. Sent ಫೋಲ್ಡರ್ ತೆರೆದು ವಿಳಾಸದ ಪ್ರತಿ ಅಕ್ಷರವನ್ನೂ ಜಾಹೀರಾತಿನೊಂದಿಗೆ ಹೋಲಿಸಬೇಕು. ರೆಸ್ಯೂಮೆ ನಿಜವಾಗಿಯೂ ಲಗತ್ತಾಗಿತ್ತೇ, ಅದು ಸರಿಯಾಗಿ ತೆರೆಯುತ್ತದೆಯೇ, ಅದರಲ್ಲಿನ ಮೊಬೈಲ್ ಸಂಖ್ಯೆ ಸರಿಯಿದೆಯೇ ಎಂದು ನೋಡಬೇಕು. ವಿಳಾಸ ತಪ್ಪಿದ್ದರೆ ಜಿಮೇಲ್‌ನಲ್ಲಿ Mail Delivery Subsystem ಎಂಬ ಹೆಸರಿನಿಂದ ಸೂಚನೆ ಬಂದಿರುತ್ತದೆ. ಅದನ್ನು ಜಾಹೀರಾತಿನ ಮೇಲ್ ಎಂದುಕೊಂಡು ತೆರೆಯದೇ ಬಿಡುವವರಿದ್ದಾರೆ. Spam ಫೋಲ್ಡರನ್ನೂ ನೋಡಬೇಕು, ಕಂಪನಿಯ ಉತ್ತರವೇ ಅಲ್ಲಿ ಕೂತಿರಬಹುದು. ಕಂಪನಿಯ ಪೋರ್ಟಲ್ ಮೂಲಕ ಅರ್ಜಿ ಹಾಕಿದ್ದರೆ ಮೊದಲು ಅಲ್ಲಿಗೇ ಲಾಗಿನ್ ಆಗಿ ಅರ್ಜಿಯ ಸ್ಥಿತಿ ನೋಡಬೇಕು. ಅರ್ಜಿ ಸ್ವೀಕರಿಸಲಾಗಿದೆ ಎಂಬ ಸ್ವಯಂಚಾಲಿತ ಮೇಲ್ no-reply ವಿಳಾಸದಿಂದ ಬಂದಿದ್ದರೆ ಅದಕ್ಕೆ ಉತ್ತರಿಸಿ ಫಲವಿಲ್ಲ, ಅದನ್ನು ಯಾರೂ ಓದುವುದಿಲ್ಲ.

ಒಂದು ಕಲ್ಪಿತ ಉದಾಹರಣೆ ನೋಡಬಹುದು. ಹುಬ್ಬಳ್ಳಿಯ ಬಿ.ಕಾಂ. ಪದವೀಧರೆಯೊಬ್ಬಳು ಬೆಂಗಳೂರಿನ ಕಂಪನಿಯೊಂದರ ಅಕೌಂಟ್ಸ್ ಅಸಿಸ್ಟೆಂಟ್ ಹುದ್ದೆಗೆ ಜೂನ್ 3ರ ಮಂಗಳವಾರ ಇಮೇಲ್ ಮೂಲಕ ಅರ್ಜಿ ಕಳಿಸಿದ್ದಾಳೆ. ಜಾಹೀರಾತಿನಲ್ಲಿ ಕೊನೆಯ ದಿನಾಂಕವಿಲ್ಲ. ಜೂನ್ 10ರ ಬೆಳಿಗ್ಗೆಯವರೆಗೂ ಉತ್ತರ ಬಂದಿಲ್ಲ. ಅವಳು ಹೊಸ ಮೇಲ್ ಬರೆಯುವ ಬದಲು ತಾನು ಕಳಿಸಿದ್ದ ಹಳೆಯ ಮೇಲ್ ತೆರೆದು ಅದಕ್ಕೇ Reply ಒತ್ತುವುದು ಒಳ್ಳೆಯದು. ಆಗ ಮೊದಲ ಅರ್ಜಿ ಕೆಳಗೇ ಇರುತ್ತದೆ, ಓದುವವರು ಹುಡುಕಬೇಕಿಲ್ಲ. ಆದರೆ ಹೀಗೆ ಉತ್ತರಿಸಿದಾಗ ಹಳೆಯ ಲಗತ್ತು ತಾನಾಗಿ ಜೊತೆಗೆ ಹೋಗುವುದಿಲ್ಲ. ರೆಸ್ಯೂಮೆಯನ್ನು ಮತ್ತೊಮ್ಮೆ ಲಗತ್ತಿಸಬೇಕು.

ಮೊದಲ ಅರ್ಜಿಯ ವಿಷಯದ ಸಾಲಿನಲ್ಲಿ ಬರೀ ‘ಅರ್ಜಿ’ ಎಂದೋ ‘ರೆಸ್ಯೂಮೆ’ ಎಂದೋ ಇದ್ದರೆ ಮಾತ್ರ ಹೊಸ ಮೇಲ್ ಬರೆಯುವುದು ಮೇಲು. ಅದರ ವಿಷಯದ ಸಾಲಿನಲ್ಲಿ ಹುದ್ದೆಯ ಹೆಸರು, ಜಾಹೀರಾತಿನ ಉಲ್ಲೇಖ ಸಂಖ್ಯೆ ಇದ್ದರೆ ಅದು, ಅಭ್ಯರ್ಥಿಯ ಹೆಸರು, ಅರ್ಜಿಯ ದಿನಾಂಕ ಇರಬೇಕು. ‘ತುರ್ತು’, ‘ಎರಡನೇ ಬಾರಿ’ ಎಂಬ ಪದಗಳು ಬೇಡ.

ಪತ್ರದ ಒಡಲು ಹೀಗಿರಬಹುದು:

“ಮಾನ್ಯರೇ, ನಮಸ್ಕಾರ.

ತಮ್ಮ ಕಂಪನಿಯ ಅಕೌಂಟ್ಸ್ ಅಸಿಸ್ಟೆಂಟ್ ಹುದ್ದೆಗೆ ಜೂನ್ 3ರಂದು ಅರ್ಜಿ ಕಳಿಸಿದ್ದೆ. ಅದು ತಮಗೆ ತಲುಪಿದೆಯೇ, ಆಯ್ಕೆ ಪ್ರಕ್ರಿಯೆ ಈಗ ಯಾವ ಹಂತದಲ್ಲಿದೆ ಎಂದು ದಯವಿಟ್ಟು ತಿಳಿಸುವಿರಾ?

ಜಾಹೀರಾತಿನಲ್ಲಿ ಕೇಳಿರುವ ಟ್ಯಾಲಿ ಮತ್ತು ಜಿ.ಎಸ್.ಟಿ. ರಿಟರ್ನ್ ಕೆಲಸವನ್ನು ಲೆಕ್ಕಪರಿಶೋಧಕರ ಕಚೇರಿಯಲ್ಲಿ ಆರು ತಿಂಗಳು ಮಾಡಿದ್ದೇನೆ. ಅನುಕೂಲಕ್ಕಾಗಿ ರೆಸ್ಯೂಮೆಯನ್ನು ಮತ್ತೆ ಲಗತ್ತಿಸಿದ್ದೇನೆ. ಬೇರೆ ದಾಖಲೆ ಬೇಕಿದ್ದರೆ ಕಳಿಸುತ್ತೇನೆ.

ವಂದನೆಗಳೊಂದಿಗೆ,”

ಕೆಳಗೆ ಪೂರ್ಣ ಹೆಸರು, ಮೊಬೈಲ್ ಸಂಖ್ಯೆ. ಪತ್ರ ಇಲ್ಲಿಗೆ ಮುಗಿಯಿತು. ಮೊದಲ ಅರ್ಜಿ ಇಂಗ್ಲಿಷಿನಲ್ಲಿದ್ದರೆ ಇದೂ ಇಂಗ್ಲಿಷಿನಲ್ಲೇ ಇರಬೇಕು, ಕ್ರಮ ಬದಲಾಗುವುದಿಲ್ಲ. ಮೊದಲ ವಾಕ್ಯದಲ್ಲೇ ಹುದ್ದೆ ಮತ್ತು ದಿನಾಂಕ ಇರುವುದರಿಂದ ಎಚ್.ಆರ್. ಸಿಬ್ಬಂದಿ ಅರ್ಜಿಯನ್ನು ಕೂಡಲೇ ಗುರುತಿಸುತ್ತಾರೆ. ಪ್ರಶ್ನೆ ಸ್ಪಷ್ಟವಾಗಿರುವುದರಿಂದ ‘ತಲುಪಿದೆ, ಮುಂದಿನ ವಾರ ಸಂದರ್ಶನ’ ಎಂದು ಉತ್ತರಿಸಿದರೆ ಸಾಕಾಗುತ್ತದೆ. ಅನುಭವದ ಒಂದು ವಾಕ್ಯ, ಇವರನ್ನು ಪಟ್ಟಿಗೆ ಸೇರಿಸಬಹುದೇ ಎಂದು ನಿರ್ಧರಿಸಲು ನೆರವಾಗುತ್ತದೆ. ಆ ವಾಕ್ಯ ಜಾಹೀರಾತಿನಲ್ಲಿ ಕೇಳಿದ ಕೌಶಲಕ್ಕೇ ಸಂಬಂಧಿಸಿರಬೇಕು. ‘ಶ್ರಮಜೀವಿ, ಪ್ರಾಮಾಣಿಕ’ ಎಂಬ ಮಾತುಗಳಿಂದ ಆ ಕೆಲಸ ಆಗುವುದಿಲ್ಲ.

ಇಂಥ ಪತ್ರ ಕೆಡುವುದು ಹೆಚ್ಚಾಗಿ ಧಾಟಿಯಿಂದ. ‘ಒಂದು ವಾರವಾದರೂ ತಮ್ಮಿಂದ ಉತ್ತರವಿಲ್ಲ’ ಎಂಬ ವಾಕ್ಯದಲ್ಲಿ ಅಸಭ್ಯ ಪದ ಒಂದೂ ಇಲ್ಲ, ಆದರೂ ಅದು ದೂರಿನಂತೆ ಕೇಳಿಸುತ್ತದೆ. ‘ಜೂನ್ 3ರಂದು ಅರ್ಜಿ ಕಳಿಸಿದ್ದೆ’ ಎಂದರೆ ಅದೇ ಸಂಗತಿ ಆಪಾದನೆಯಿಲ್ಲದೆ ತಿಳಿಯುತ್ತದೆ. ‘ನಾಳೆಯೊಳಗೆ ತಿಳಿಸಿ’ ಎಂದರೆ ಆಜ್ಞೆಯಾಗುತ್ತದೆ. ‘ಮನೆಯ ಪರಿಸ್ಥಿತಿ ಕಷ್ಟದಲ್ಲಿದೆ, ತಾವೇ ಕೈಹಿಡಿಯಬೇಕು’ ಎಂಬ ಮಾತು ಎಷ್ಟೇ ನಿಜವಿದ್ದರೂ ಹುದ್ದೆಯ ಅರ್ಹತೆಗೆ ಸಂಬಂಧಿಸಿದ್ದಲ್ಲ. ಓದುವವರಿಗೆ ಏನು ಉತ್ತರಿಸಬೇಕೆಂದು ತೋಚುವುದಿಲ್ಲ. ಎಂ.ಡಿ.ಯವರಿಂದ ಹಿಡಿದು ಸಿಕ್ಕವರಿಗೆಲ್ಲ ಪ್ರತಿ ಕಳಿಸುವುದು, ಅದೇ ದಿನ ಮೇಲ್, ವಾಟ್ಸಾಪ್, ಫೋನ್ ಮೂರರಲ್ಲೂ ವಿಚಾರಿಸುವುದು ಒತ್ತಡ ಹೇರಿದಂತಾಗುತ್ತದೆ.

ಕಳಿಸುವ ಹೊತ್ತಿನಲ್ಲೂ ವಿವೇಚನೆ ಬೇಕು. ಸೋಮವಾರ ಬೆಳಿಗ್ಗೆ ವಾರಾಂತ್ಯದ ಮೇಲ್‌ಗಳ ರಾಶಿಯಲ್ಲಿ ಪತ್ರ ಮುಚ್ಚಿಹೋಗಬಹುದು. ಶುಕ್ರವಾರ ಸಂಜೆ ಕಳಿಸಿದ್ದನ್ನು ಎರಡು ದಿನ ಯಾರೂ ತೆರೆಯದಿರಬಹುದು. ವಾರದ ನಡುವಿನ ದಿನ, ಕಚೇರಿಯ ವೇಳೆ ಸೂಕ್ತ. ರಾತ್ರಿ ಬರೆದು ಮುಗಿಸಿದವರು ಜಿಮೇಲ್‌ನ Schedule send ಬಳಸಿ ಮರುದಿನ ಬೆಳಿಗ್ಗೆ ಹೋಗುವಂತೆ ಮಾಡಬಹುದು.

‘ಅರ್ಜಿ ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂದರೆ ಒಂದು ಸಾಲಿನ ಧನ್ಯವಾದ ಬರೆದು ಕಾಯಬೇಕು. ‘ಹುದ್ದೆ ಭರ್ತಿಯಾಗಿದೆ’ ಎಂದು ಬಂದರೂ ಧನ್ಯವಾದ ಹೇಳಿ, ಮುಂದೆ ಇಂಥ ಹುದ್ದೆ ಬಂದಾಗ ಪರಿಗಣಿಸಿ ಎಂದು ಕೋರಬಹುದು. ‘ಅರ್ಜಿ ಸಿಕ್ಕಿಲ್ಲ’ ಎಂದರೆ ಅದೇ ದಿನ ಮತ್ತೆ ಕಳಿಸಬೇಕು. ಪತ್ರದ ಪ್ರಯೋಜನ ಎದ್ದು ಕಾಣುವುದು ಇಲ್ಲೇ. ಏನೂ ಉತ್ತರ ಬಾರದಿದ್ದರೆ ಇನ್ನೊಂದು ವಾರ ಬಿಟ್ಟು, ಎರಡು ಸಾಲಿನಲ್ಲಿ ಕೊನೆಯ ಸಲ ಕೇಳಬಹುದು. ಮೂರನೆಯದು ಬೇಡ.

ಅರ್ಹತೆ ಇಲ್ಲದ ಅರ್ಜಿಗೆ ಈ ಪತ್ರ ಅರ್ಹತೆ ತಂದುಕೊಡುವುದಿಲ್ಲ. ಕಳೆದುಹೋದ ಅರ್ಜಿಯನ್ನು ಮತ್ತೆ ಮೇಜಿನ ಮೇಲೆ ತರಬಹುದು, ಇಲ್ಲವೇ ಕಾಯಬೇಕೋ ಬೇಡವೋ ಎಂಬುದನ್ನು ತಿಳಿಸಬಹುದು. ಆದ್ದರಿಂದ ಅಭ್ಯರ್ಥಿಗಳು ಉತ್ತರಕ್ಕಾಗಿ ಕಾಯುತ್ತಿರುವಾಗಲೂ ಬೇರೆ ಕಡೆ ಅರ್ಜಿ ಹಾಕುವುದನ್ನು ನಿಲ್ಲಿಸಬಾರದು.