ಮೂರು ಸಾವಿರ ಕಿಲೋಮೀಟರ್ ಯಾವ ತಾರೀಖಿಗೆ ಬರುತ್ತದೆ?

ಹೊಸ ಬೈಕಿನ ಜೊತೆ ಕೊಡುವ ಕೈಪಿಡಿಯನ್ನು ಸೀಟಿನಡಿ ಇಟ್ಟವರು ಮತ್ತೆ ತೆಗೆದು ನೋಡುವುದು ಕಡಿಮೆ. ಅದರ ಕೊನೆಯ ಕಡೆಯ ಪುಟಗಳಲ್ಲಿ ಒಂದು ಪಟ್ಟಿ ಇರುತ್ತದೆ. ಎಂಜಿನ್ ಆಯಿಲ್, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಚೈನ್, ಬ್ರೇಕ್, ಒಂದೊಂದರ ಎದುರೂ ಇಷ್ಟು ಕಿಲೋಮೀಟರ್, ಇಷ್ಟು ತಿಂಗಳು ಎಂದು ಬರೆದಿರುತ್ತದೆ. ಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಎರಡರಲ್ಲಿ ಯಾವುದು ಮೊದಲೋ ಅದು. ಸರ್ವಿಸ್ ಲೆಕ್ಕದ ಪೇಚೆಲ್ಲ ಈ ಸಾಲಿನಲ್ಲಿದೆ. ತಾರೀಖನ್ನು ಫೋನಿನ ಕ್ಯಾಲೆಂಡರ್ ತಾನೇ ನೆನಪಿಸುತ್ತದೆ. ಕಿಲೋಮೀಟರನ್ನು ನೆನಪಿಸುವವರು ಯಾರು? ಗಾಡಿ ಎಷ್ಟು ಓಡಿದೆ ಎಂಬುದು ಫೋನಿಗೆ ಗೊತ್ತಿಲ್ಲ, ಯಾವ ದಿನ ಎಂಬುದು ಮೀಟರಿಗೆ ಗೊತ್ತಿಲ್ಲ. ಒಳ್ಳೆಯ ಸರ್ವಿಸ್ ದಾಖಲೆ ಮಾಡುವ ಕೆಲಸವೇ ಇದು: ಕಿಲೋಮೀಟರನ್ನು ತಾರೀಖಿಗೆ ತಿರುಗಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು.

ಒಂದು ಲೆಕ್ಕ ಹಾಕೋಣ. ಧಾರವಾಡದಲ್ಲಿರುವ ಒಬ್ಬ ಬ್ಯಾಂಕ್ ನೌಕರ, ಅವರದೊಂದು 125 ಸಿಸಿ ಬೈಕು. ಕೈಪಿಡಿಯ ಪ್ರಕಾರ ಎಂಜಿನ್ ಆಯಿಲ್ ಬದಲಿಸಬೇಕಾದದ್ದು 3,000 ಕಿ.ಮೀ. ಅಥವಾ 6 ತಿಂಗಳಿಗೆ ಎಂದಿಟ್ಟುಕೊಳ್ಳಿ. (ನಿಮ್ಮ ಗಾಡಿಗೆ ಇದು ಬೇರೆ ಇರಬಹುದು. ಈ ಅಂಕಿಯನ್ನು ಪಕ್ಕದ ಮನೆಯವರಿಂದ ತಿಳಿಯಬೇಡಿ, ನಿಮ್ಮದೇ ಕೈಪಿಡಿ ನೋಡಿ.) 2025ರ ಮಾರ್ಚ್ 10ರಂದು ಆಯಿಲ್ ಬದಲಿಸಿದಾಗ ಮೀಟರ್ 18,400 ತೋರಿಸುತ್ತಿತ್ತು. ಮೇ 2ರಂದು ಪೆಟ್ರೋಲ್ ಹಾಕಿಸುವಾಗ 19,460. ಅಂದರೆ 53 ದಿನದಲ್ಲಿ 1,060 ಕಿ.ಮೀ., ದಿನಕ್ಕೆ ಸರಾಸರಿ 20. ಇನ್ನುಳಿದದ್ದು 1,940 ಕಿ.ಮೀ. ಇದೇ ವೇಗದಲ್ಲಿ ಹೋದರೆ ಅದಕ್ಕೆ 97 ದಿನ ಬೇಕು, ಅಲ್ಲಿಗೆ ಆಗಸ್ಟ್ 7. ಆರು ತಿಂಗಳ ಗಡುವು ಸೆಪ್ಟೆಂಬರ್ 10ಕ್ಕೆ. ಎರಡರಲ್ಲಿ ಆಗಸ್ಟ್ 7 ಮೊದಲು ಬರುತ್ತದೆ, ಹಾಗಾಗಿ ಜ್ಞಾಪನೆ ಅದಕ್ಕೇ.

ಇಲ್ಲಿಗೆ ನಿಲ್ಲಿಸಿದರೆ ಲೆಕ್ಕ ಕೈಕೊಡುತ್ತದೆ. ಮೇ ಮೊದಲ ವಾರದಲ್ಲಿ ಅವರಿಗೆ ಹುಬ್ಬಳ್ಳಿ ಶಾಖೆಗೆ ವರ್ಗವಾಯಿತು ಎನ್ನೋಣ. ಊರೊಳಗೇ ಓಡಾಡುತ್ತಿದ್ದ ಗಾಡಿ ಈಗ ಕೆಲಸದ ದಿನಗಳಲ್ಲಿ ಹೋಗಿಬರುವುದಕ್ಕೇ ಸುಮಾರು ನಲವತ್ತು ಕಿ.ಮೀ. ಓಡುತ್ತದೆ. ಜೂನ್ 6ಕ್ಕೆ ಮೀಟರ್ 20,615. ಕಳೆದ 35 ದಿನದಲ್ಲಿ 1,155 ಕಿ.ಮೀ., ರಜೆ ದಿನಗಳೂ ಸೇರಿ ಸರಾಸರಿ 33. ಉಳಿದದ್ದು 785 ಕಿ.ಮೀ. ಅದು 24 ದಿನಕ್ಕೂ ಸಾಲದು, ಜೂನ್ 29ಕ್ಕೇ ಮುಗಿಯುತ್ತದೆ. ಮೇ ತಿಂಗಳಲ್ಲಿ ಹಾಕಿದ ಆಗಸ್ಟ್ 7ರ ಜ್ಞಾಪನೆಯನ್ನೇ ನೆಚ್ಚಿಕೊಂಡಿದ್ದರೆ ಅಷ್ಟರಲ್ಲಿ ಆ ಆಯಿಲಿನ ಮೇಲೆ 4,200 ಕಿ.ಮೀ. ದಾಟಿರುತ್ತಿತ್ತು.

ಸರಾಸರಿಯನ್ನು ಎಲ್ಲಿಂದ ಹಿಡಿದು ಲೆಕ್ಕ ಹಾಕುತ್ತೀರಿ ಎಂಬುದೂ ಮುಖ್ಯ. ಮಾರ್ಚ್ 10ರಿಂದಲೇ ಹಿಡಿದರೆ ದಿನಕ್ಕೆ 25 ಕಿ.ಮೀ. ಬಂದು, ಉತ್ತರ ಜುಲೈ 7ಕ್ಕೆ ಹೋಗುತ್ತದೆ. ಹಳೆಯ ಓಡಾಟದ ನಿಧಾನ ಹೊಸ ಓಡಾಟದ ವೇಗವನ್ನು ಮುಚ್ಚಿಬಿಡುತ್ತದೆ. ಹಾಗೆಂದು ಕೇವಲ ಕಳೆದ ನಾಲ್ಕು ದಿನ ನೋಡಿದರೆ, ಒಮ್ಮೆ ಗೋಕರ್ಣಕ್ಕೆ ಹೋಗಿಬಂದದ್ದೇ ಇಡೀ ವರ್ಷದ ಅಭ್ಯಾಸದಂತೆ ಕಾಣುತ್ತದೆ. ಕಳೆದ ನಾಲ್ಕೈದು ವಾರ ಹಿಡಿಯುವುದು ಸರಿಯಾದ ಅಳತೆ ಎಂದು ನನ್ನ ಅನಿಸಿಕೆ.

ಇದಕ್ಕೆ ಬೇಕಾದ ಆ್ಯಪ್‌ಗಳಿವೆ, ಆದರೆ ಫೋನಿನ ಸ್ಪ್ರೆಡ್‌ಶೀಟ್ ಕೂಡ ಸಾಕು. A2ರಲ್ಲಿ ಆಯಿಲ್ ಬದಲಿಸಿದ ತಾರೀಖು, B2ರಲ್ಲಿ ಆಗಿನ ಮೀಟರ್, C2ರಲ್ಲಿ ಇತ್ತೀಚೆಗೆ ಮೀಟರ್ ನೋಡಿದ ತಾರೀಖು, D2ರಲ್ಲಿ ಆಗ ಕಂಡ ಅಂಕಿ, E2ರಲ್ಲಿ ದಿನದ ಸರಾಸರಿ. ಮುಂದಿನ ಮನೆಯಲ್ಲಿ ಇಷ್ಟು ಬರೆದು, ಆ ಮನೆಯನ್ನು ತಾರೀಖಿನ ರೂಪಕ್ಕೆ ಬದಲಿಸಿ:

```
=MIN(EDATE(A2,6), C2+(B2+3000-D2)/E2)
```

ಮೊದಲ ಭಾಗ ಆರು ತಿಂಗಳ ಗಡುವು, ಎರಡನೆಯದು ಕಿಲೋಮೀಟರ್ ಮುಗಿಯುವ ದಿನ. MIN ಅವೆರಡರಲ್ಲಿ ಮೊದಲಿನದನ್ನು ಆರಿಸುತ್ತದೆ. ಗಾಡಿ ನಿಂತೇ ಇದ್ದು ಸರಾಸರಿ ಸೊನ್ನೆಯಾದರೆ ಸೂತ್ರ ತಪ್ಪು ತೋರಿಸುತ್ತದೆ, ಆಗ E2ರಲ್ಲಿ 1 ಹಾಕಿದರಾಯಿತು. ಬಂದ ತಾರೀಖಿಗಿಂತ ಒಂದು ವಾರ ಮುಂಚೆ ಕ್ಯಾಲೆಂಡರಿನಲ್ಲಿ ಜ್ಞಾಪನೆ ಇಟ್ಟರೆ, ನಡುವೆ ಒಂದು ಭಾನುವಾರ ಸಿಕ್ಕೇ ಸಿಗುತ್ತದೆ.

ಈಗ ಅದೇ ಮನೆಯ ಇನ್ನೊಂದು ಗಾಡಿ ನೋಡಿ. ಅಪ್ಪನ ಸ್ಕೂಟರ್, ಬೆಳಿಗ್ಗೆ ಹಾಲು, ಸಂಜೆ ತರಕಾರಿ, ಶನಿವಾರ ಹನುಮಪ್ಪನ ಗುಡಿ. ದಿನಕ್ಕೆ ನಾಲ್ಕು ಕಿ.ಮೀ. ದಾಟದು. ಆರು ತಿಂಗಳಿಗೆ 720 ಕಿ.ಮೀ. ಆದೀತು. 'ಗಾಡೀನೇ ಓಡಿಲ್ಲ, ಆಯಿಲ್ ಯಾಕ ಚೇಂಜ್ ಮಾಡಸಬೇಕು' ಎಂದು ಅವರು ಕೇಳುವುದು ಸಹಜ. ಆದರೆ ಎಂಜಿನ್ ಆಯಿಲಿಗೆ ದೂರದ ಓಟಕ್ಕಿಂತ ಈ ಗಲ್ಲಿ ಓಡಾಟವೇ ಕಷ್ಟ. ಪೆಟ್ರೋಲ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಅದರಲ್ಲಿ ಸ್ವಲ್ಪ, ಜೊತೆಗೆ ಉರಿಯದೆ ಉಳಿದ ಪೆಟ್ರೋಲಿನಲ್ಲಿ ಸ್ವಲ್ಪ, ಪಿಸ್ಟನ್ ರಿಂಗುಗಳ ಸಂದಿಯಿಂದ ಇಳಿದು ಆಯಿಲ್ ಸೇರುತ್ತದೆ. ಅರ್ಧ ಗಂಟೆ ಓಡಿದ ಎಂಜಿನ್ ಚೆನ್ನಾಗಿ ಕಾದು ಇದನ್ನು ಆವಿಯಾಗಿ ಹೊರಗೆ ಹಾಕುತ್ತದೆ. ಐದು ನಿಮಿಷಕ್ಕೆ ಆಫ್ ಆಗುವ ಎಂಜಿನ್ ಕಾಯುವುದೇ ಇಲ್ಲ, ನೀರು ಒಳಗೇ ಉಳಿಯುತ್ತದೆ. ಮಳೆಗಾಲದಲ್ಲಿ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ: ಒಳಭಾಗದಲ್ಲಿ ಹಾಲು ಬೆರೆಸಿದಂತೆ ಬಿಳಿಚಿದ ಲೇಪ ಕಂಡರೆ ಅದು ನೀರು ಬೆರೆತ ಆಯಿಲ್. ಮುಚ್ಚಳದಲ್ಲಿ ಒಂದಿಷ್ಟೇ ಇದ್ದರೆ ಗಾಬರಿ ಬೇಡ. ಕಡ್ಡಿಗೆ ಅಂಟಿದ ಆಯಿಲೇ ಬಿಳಿಚಿದ್ದರೆ ಮೆಕ್ಯಾನಿಕ್ ನೋಡಲೇಬೇಕು. ಅಪ್ಪನ ಸ್ಕೂಟರಿಗೆ ಸೂತ್ರ ಯಾವಾಗಲೂ ತಾರೀಖನ್ನೇ ಆರಿಸುತ್ತದೆ, ಮಗನ ಬೈಕಿಗೆ ಕಿಲೋಮೀಟರನ್ನು.

ಕೆಲವು ಬಾಬತ್ತುಗಳಿಗೆ ಮೀಟರ್ ಸಂಬಂಧವೇ ಇಲ್ಲ. ಡಿಸ್ಕ್ ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುವಂಥದು. ತೇವ ಸೇರಿದಷ್ಟೂ ಅದು ಕಡಿಮೆ ಬಿಸಿಗೇ ಕುದಿಯುತ್ತದೆ. ಘಾಟಿ ಇಳಿಯುವಾಗ ಬ್ರೇಕ್ ಕಾದು ಎಣ್ಣೆಯಲ್ಲಿ ಗುಳ್ಳೆ ಎದ್ದರೆ ಲಿವರ್ ಮೆತ್ತಗಾಗಿ ಹಿಡಿತ ತಪ್ಪುತ್ತದೆ. ಅದಕ್ಕೇ ಅದನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿ ಎಂದು ಸಾಮಾನ್ಯವಾಗಿ ಹೇಳುವುದು, ಗಾಡಿ ಓಡಿರಲಿ ಬಿಡಲಿ. ಟೈರಿನ ರಬ್ಬರ್ ಕೂಡ ನಿಂತಲ್ಲೇ ಗಟ್ಟಿಯಾಗುತ್ತದೆ. ಅದರ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ: 2322 ಎಂದರೆ 2022ರ 23ನೇ ವಾರದಲ್ಲಿ ತಯಾರಾದದ್ದು. ದಾಖಲೆಯಲ್ಲಿ ಟೈರ್ ಹಾಕಿಸಿದ ದಿನದ ಜೊತೆ ಇದನ್ನೂ ಬರೆದಿಡಿ, ಅಂಗಡಿಯಲ್ಲಿ ಕೂತು ಹಳತಾದ ಟೈರೂ ಹೊಸದೆಂದು ಮಾರಾಟವಾಗುತ್ತದೆ.

ಕಾಗದಪತ್ರಗಳಲ್ಲಿ ಹೆಚ್ಚು ಜನ ಎಡವುವುದು ಇನ್ಶೂರೆನ್ಸಿನಲ್ಲಿ. 2018ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಆದರೆ ನಮ್ಮ ಗಾಡಿಗೇ ಆಗುವ ಹಾನಿಯ ವಿಮೆಯನ್ನು ಅದರ ಜೊತೆ ಹೆಚ್ಚಾಗಿ ಒಂದೇ ವರ್ಷಕ್ಕೆ ಕೊಡುತ್ತಾರೆ. ಪಾಲಿಸಿ ಹಾಳೆಯಲ್ಲಿ ಎರಡು ಕೊನೆ ದಿನಾಂಕಗಳಿರುತ್ತವೆ, ಕಣ್ಣಿಗೆ ಬೀಳುವುದು ದೂರದ್ದು. ಹತ್ತಿರದ್ದು ಮುಗಿದು 90 ದಿನ ದಾಟಿದರೆ, ಕ್ಲೇಮ್ ಮಾಡದೆ ಗಳಿಸಿದ ರಿಯಾಯಿತಿಯೂ ಹೋಗುತ್ತದೆ. ಆದ್ದರಿಂದ ಇವೆರಡಕ್ಕೂ ಬೇರೆಬೇರೆ ಜ್ಞಾಪನೆ. ಎಮಿಷನ್ ಟೆಸ್ಟ್ ಹೊಸ ಗಾಡಿಗೆ ನೋಂದಣಿಯಾದ ಒಂದು ವರ್ಷದ ನಂತರ ಬೇಕಾಗುತ್ತದೆ. ಬಿಎಸ್4 ಮತ್ತು ಬಿಎಸ್6 ಗಾಡಿಗಳಿಗೆ ಆಮೇಲೆ ವರ್ಷಕ್ಕೊಮ್ಮೆ, ಹಳೆಯವಕ್ಕೆ ಆರು ತಿಂಗಳಿಗೊಮ್ಮೆ.

ಹಾಗೆಂದು ಎಲ್ಲಕ್ಕೂ ಜ್ಞಾಪನೆ ಹಾಕಲು ಹೋದರೆ ಫೋನ್ ದಿನಾ ಟಿಂಗ್ ಎನ್ನುತ್ತದೆ, ಮೂರನೇ ವಾರಕ್ಕೆ ನೋಡದೆಯೇ ಒರೆಸಿಹಾಕುತ್ತೇವೆ. ಚೈನಿಗೆ ಐನೂರು ಕಿ.ಮೀ.ಗೊಮ್ಮೆ ಎಣ್ಣೆ ಬೇಕು, ಮಳೆಯಲ್ಲಿ ನೆನೆದರೆ ಅದಕ್ಕೂ ಮುಂಚೆ. ಇಂಥದಕ್ಕೆ ಕ್ಯಾಲೆಂಡರ್ ಬೇಡ. ಐನೂರು ರೂಪಾಯಿಯ ಪೆಟ್ರೋಲಿಗೆ 125 ಸಿಸಿ ಬೈಕು ಈಗಿನ ದರದಲ್ಲಿ ಇನ್ನೂರೈವತ್ತು ಕಿ.ಮೀ. ಆಸುಪಾಸು ಓಡುತ್ತದೆ, ಹಾಗಾಗಿ ಎರಡು ಸಲ ಬಂಕಿಗೆ ಹೋದರೆ ಒಂದು ಸಲ ಚೈನ್. ಮೀಟರ್ ಬರೆದುಕೊಳ್ಳುವುದಕ್ಕೂ ಬಂಕೇ ಒಳ್ಳೆಯ ಜಾಗ. ಪೆಟ್ರೋಲ್ ಬೀಳುವ ಹೊತ್ತಿಗೆ ಹೇಗೂ ನಿಂತಿರುತ್ತೀರಿ. ನೋಡಬೇಕಾದದ್ದು ಒಟ್ಟು ಓಡಿದ ಅಂಕಿ, ಗುಂಡಿ ಒತ್ತಿದರೆ ಸೊನ್ನೆಯಾಗುವ ಟ್ರಿಪ್ ಮೀಟರ್ ಅಲ್ಲ. ಹೊಸ ಅಂಕಿ ಹಿಂದಿನದಕ್ಕಿಂತ ಕಡಿಮೆ ಬಂದಿದ್ದರೆ, ಇಲ್ಲವೇ ಒಂದೇ ವಾರಕ್ಕೆ ಹತ್ತು ಸಾವಿರ ಹಾರಿದ್ದರೆ, ಬರೆಯುವಾಗ ಕೈ ತಪ್ಪಿದೆ ಎಂದೇ ಅರ್ಥ.

ಸರ್ವಿಸ್ ಆದಮೇಲೆ ಏನು ಬರೆಯುತ್ತೇವೆ ಎಂಬುದರಲ್ಲೂ ಎಚ್ಚರ ಬೇಕು. 'ಸರ್ವಿಸ್ ಆಯಿತು' ಎಂದರೆ ಏನೂ ಹೇಳಿದಂತಾಗಲಿಲ್ಲ. ಕಡಿಮೆಯಾದ ಆಯಿಲನ್ನು ತುಂಬಿಸಿದ್ದು ಬೇರೆ, ಪೂರ್ತಿ ಸುರಿದು ಹೊಸದು ಹಾಕಿದ್ದು ಬೇರೆ. ಮೊದಲನೆಯದರಿಂದ ಗಡುವು ಮತ್ತೆ ಶುರುವಾಗುವುದಿಲ್ಲ. ಏರ್ ಫಿಲ್ಟರಿಗೆ ಗಾಳಿ ಹೊಡೆದದ್ದನ್ನು ಬದಲಿಸಿದ್ದು ಎಂದು ಬರೆದರೆ ಹೊಸ ಫಿಲ್ಟರ್ ಒಂದು ವರ್ಷ ತಡವಾಗುತ್ತದೆ. ಇನ್ನು ಆಯಿಲನ್ನು 21,400ಕ್ಕೆ ಬದಲಿಸಬೇಕಿದ್ದು 21,650ಕ್ಕೆ ಬದಲಿಸಿದರೆ, ಮುಂದಿನ ಲೆಕ್ಕ 21,650ರಿಂದ. ಇನ್ಶೂರೆನ್ಸಿನಲ್ಲಿ ಮಾತ್ರ ಇದಕ್ಕೆ ತಿರುಗಾ: ಹತ್ತು ದಿನ ಮುಂಚೆಯೇ ಕಟ್ಟಿದರೂ ಹೊಸ ಅವಧಿ ಹಳೆಯದು ಮುಗಿದ ಮರುದಿನದಿಂದಲೇ ಶುರು. ಬಿಲ್ಲನ್ನು ಆ ದಿನವೇ ಫೋಟೊ ತೆಗೆದಿಡಿ. ಬಿಸಿಯಿಂದ ಅಚ್ಚಾಗುವ ಆ ನುಣುಪು ಕಾಗದದ ಅಕ್ಷರ ಸೀಟಿನಡಿಯ ಶಾಖಕ್ಕೆ ಒಂದೆರಡು ಬೇಸಿಗೆಯಲ್ಲೇ ಅಳಿಸಿಹೋಗುತ್ತದೆ.

ಕೊನೆಯದಾಗಿ ಮೀಟರೇ ಕೆಟ್ಟರೆ. ಕೇಬಲ್ ತುಂಡಾದ ಹಳೆಯ ಬೈಕಿನಲ್ಲಿ ಅಂಕಿ ನಿಂತುಬಿಡುತ್ತದೆ, ಆಗ ಸರಿಯಾಗುವವರೆಗೂ ಹಳೆಯ ಸರಾಸರಿಯಿಂದ ಅಂದಾಜು ಕೂಡಿಸಬೇಕು. ಡಿಜಿಟಲ್ ಮೀಟರ್ ಬದಲಿಸಿದಾಗ ಹೊಸದು ಬಹುಮಟ್ಟಿಗೆ ಸೊನ್ನೆಯಿಂದ ಶುರುವಾಗುತ್ತದೆ. ಹಳೆಯದು 31,280ಕ್ಕೆ ನಿಂತಿದ್ದರೆ ಆ ಅಂಕಿಯನ್ನು ಬದಲಿಸಿದ ದಿನದ ಸಾಲಿನಲ್ಲಿ ಬರೆದು, ಮುಂದಿನ ಪ್ರತಿ ಅಂಕಿಗೂ ಅದನ್ನು ಕೂಡಿಸಿಯೇ ಲೆಕ್ಕ ಹಾಕಬೇಕು. ಮೀಟರ್ ಬದಲಿಸಿದ ಬಿಲ್ಲನ್ನು ಆ ಸಾಲಿನ ಜೊತೆಗೇ ಇಡಿ. ಮುಂದೆ ಗಾಡಿ ಮಾರುವಾಗ, ಐದು ವರ್ಷದ ಬೈಕು ಬರೀ ನಾಲ್ಕು ಸಾವಿರ ಓಡಿದೆಯಾ ಎಂದು ಕೊಳ್ಳುವವರು ಮೊದಲು ಕೇಳುವುದು ಅದನ್ನೇ.